99 ಮತ್ತು 100 ಹರ್ಟ್ಜ್ ಒಂದೇ ಗುಡ್ಡ ಆಗಿ ಕಾಣ್ತಾವ: ವೆಲ್ಚ್ ಹಾಕುವಾಗ ತುಂಡು ಎಷ್ಟು ಉದ್ದ ಇಡಬೇಕು?

ಗಂಗಾವತಿ ಹುಡ್ಗ

ಎಲ್ರಿಗೂ ನಮಸ್ಕಾರ. ಗಂಗಾವತಿ ಕಡೆ ಒಂದು ಅಕ್ಕಿ ಮಿಲ್ಲಿನ್ಯಾಗ ಮೇಂಟೆನೆನ್ಸ್ ನೋಡ್ಕೋತೀನಿ. ತೌಡು ಎಳೆಯೋ ಬ್ಲೋವರ್ ಮೋಟಾರ್ ಎರಡು ತಿಂಗಳಿಂದ ನಡುಗ್ತೈತಿ. ಎರಡು ಪೋಲಿನ ಮೋಟಾರ್, ಬ್ಲೋವರ್‌ಗೆ ನೇರ ಕಪ್ಲಿಂಗ್, ಲೋಡಿನ್ಯಾಗ 2970 ಆರ್‌ಪಿಎಂ. ಬೇರಿಂಗ್ ಮನೆ ಮ್ಯಾಲೆ ಸೆನ್ಸರ್ ಅಂಟಿಸಿ, ಸೆಕೆಂಡಿಗೆ 2048 ಸ್ಯಾಂಪಲ್ಲಿನಂಗ 64 ಸೆಕೆಂಡ್ ರೆಕಾರ್ಡ್ ಮಾಡ್ಕೊಂಡೀನಿ.

ನನಗೆ ಗೊತ್ತಾಗಬೇಕಿರೋದು ಒಂದೇ. ಶಾಫ್ಟ್ ತಿರುಗೋದರ ಎರಡು ಪಟ್ಟು ಅಂದ್ರ 99 ಹರ್ಟ್ಜ್. ಕರೆಂಟಿನ ಎರಡು ಪಟ್ಟು 100. ನಡುಕ 99ರಾಗ ಇದ್ರ ಕಪ್ಲಿಂಗ್ ಅಲೈನ್‌ಮೆಂಟ್ ನೋಡಬೇಕು, 100ರಾಗ ಇದ್ರ ಮೋಟಾರ್ ಒಳಗಿನದ್ದು ನೋಡಬೇಕು. ಮಾಲೀಕರು ಮೋಟಾರ್ ಬಿಚ್ಚಿ ವೈಂಡಿಂಗಿಗೆ ಕಳಿಸೋಣ ಅಂತಾರ. ಸೀಸನ್ನಿನ್ಯಾಗ ಅದನ್ನ ಬಿಚ್ಚಿದ್ರ ಮಿಲ್ಲು ನಿಲ್ತೈತಿ.

ಪೂರ್ತಿ 64 ಸೆಕೆಂಡಿಗೆ ಒಂದೇ ಎಫ್‌ಎಫ್‌ಟಿ ಹಾಕಿದೆ. 95ರಿಂದ 105ರ ತನಕ ಜಾಲಿ ಮುಳ್ಳಿನಂಗ ನೂರಾರು ಗೆರಿ ಎದ್ದಾವ, ಯಾವುದು ಖರೆ ಯಾವುದು ಗದ್ದಲ ತಿಳೀವಲ್ದು. ಆಮ್ಯಾಲೆ ಪೈಥಾನಿನ್ಯಾಗ `welch(x, fs=2048)` ಅಂತ ಹಾಕಿದೆ. ಬೆಣ್ಣಿ ಸವರಿದಂಗ ನುಣ್ಣಗ ಬಂತು, ಆದ್ರ ನೂರರ ಸುತ್ತ ಒಂದೇ ದೊಡ್ಡ ಗುಡ್ಡ. ಎರಡರ ನಡುವಿನ ದಾರಿ ಯಾವುದು ಹೇಳ್ರಿ.

ವೈಂಡಿಂಗ್ ಅಂಗಡಿ, ಕುಷ್ಟಗಿ

ತಮ್ಮಾ, ಗದ್ದಲ ಕಡಿಮಿ ಮಾಡಬೇಕಂದ್ರ ಮೊದಲು ಬುಡದ ನಾಲ್ಕು ಬೋಲ್ಟ್ ನೋಡು. ಒಂದು ಕಾಲು ಎತ್ತರ ಕೂತಿದ್ರ ಬೋಲ್ಟ್ ಬಿಗಿ ಮಾಡಿದಾಗ ಬಾಡಿ ತಿರುಚಿಕೊಂತೈತಿ, ಆಗ ಮೋಟಾರ್ ಗುಂಯ್ ಅಂತ ಒದರ್ತೈತಿ. ಇಪ್ಪತ್ತು ವರ್ಷದಾಗ ಇಂಥವು ಬಾಳ ನೋಡೀನಿ. ರಬ್ಬರ್ ಹಾಕಬೇಡ ಮತ್ತ, ತಗಡು ಕತ್ತರಿಸಿ ಶಿಮ್ ಹಾಕು.

ಗಂಗಾವತಿ ಹುಡ್ಗ

ಅಣ್ಣಾ, ನಾನು ಗದ್ದಲ ಅಂದಿದ್ದು ಗ್ರಾಫಿನ ಗದ್ದಲಕ್ಕ, ಮೋಟಾರಿನ ಸದ್ದಿಗಲ್ಲ. ಆದ್ರೂ ಬೋಲ್ಟಿನ ಮಾತು ಬರ್ಕೊಂಡೆ.

ಸಿಂಧನೂರು ಕೋಡರ್

ಬ್ರೋ, ನೀವು ಡೀಫಾಲ್ಟ್ ಬಿಟ್ಟಿದ್ದೀರಿ, ಅದೇ ತಪ್ಪು. `nperseg` ಕೊಡದಿದ್ರೆ 256 ಸ್ಯಾಂಪಲ್ಲಿನ ತುಂಡು ತಗೊಳ್ಳುತ್ತೆ. ನಿಮ್ಮ ಲೆಕ್ಕದಲ್ಲಿ ಸೆಕೆಂಡಿನ ಎಂಟನೇ ಒಂದು ಭಾಗ. ಒಂದೊಂದು ಬಿನ್ 8 ಹರ್ಟ್ಜ್ ಅಗಲ ಆಯ್ತು, ಅದರಲ್ಲಿ 99, 100 ಬೇರೆ ಆಗೋದು ಸಾಧ್ಯವೇ ಇಲ್ಲ.

ಸುಲಭದ ದಾರಿ: ತುಂಡು ಚಿಕ್ಕದೇ ಇರಲಿ, `nfft=65536` ಕೊಡಿ. ಹಿಂದೆ ಸೊನ್ನೆ ತುಂಬಿ ಎಫ್‌ಎಫ್‌ಟಿ ಮಾಡುತ್ತೆ, ಬಿನ್ ಸಣ್ಣ ಆಗುತ್ತೆ. ಜೊತೆಗೆ ಓವರ್‌ಲ್ಯಾಪ್ 90% ಮಾಡಿ. ಸರಾಸರಿಗೆ ಐದು ಪಟ್ಟು ತುಂಡು ಸಿಗುತ್ತೆ, ಗದ್ದಲನೂ ಹೋಗುತ್ತೆ. ಎರಡೂ ಕೈಗೆ ಬಂತು.

ಕೃಷ್ಣೆ ದಂಡಿ

ನಾನು ರಾಯಚೂರಿನವನು. ಟರ್ಬೈನು, ದೊಡ್ಡ ಪಂಪುಗಳ ಕಂಪನ ಅಳೆಯುವುದರಲ್ಲೇ ನೌಕರಿ ಕಳೆದು ನಿವೃತ್ತನಾದವನು. ಕೋಡರ್ ತಮ್ಮ ಹೇಳಿದ್ದರಲ್ಲಿ ಡೀಫಾಲ್ಟಿನ ಮಾತು ನೂರಕ್ಕೆ ನೂರು ಸರಿ. ಉಳಿದ ಎರಡೂ ಹಾಗಲ್ಲ, ಒಂದೊಂದಾಗಿ ಹೇಳುತ್ತೇನೆ.

ಮೊದಲು ಆ ಜಾಲಿ ಮುಳ್ಳಿನ ವಿಷಯ. ಗದ್ದಲದ ಒಂದು ರೆಕಾರ್ಡಿಗೆ ಒಂದೇ ಎಫ್‌ಎಫ್‌ಟಿ ಹಾಕಿದರೆ ಪ್ರತಿ ಬಿನ್ನಿನಲ್ಲಿ ಬರುವ ಬೆಲೆಯ ಏರಿಳಿತ ಅದರ ಸರಾಸರಿಯಷ್ಟೇ ದೊಡ್ಡದಿರುತ್ತದೆ. ಅಂದರೆ ಅಂದಾಜಿನ ತಪ್ಪು 100%. ರೆಕಾರ್ಡ್ 64 ಸೆಕೆಂಡಿನ ಬದಲು 640 ಸೆಕೆಂಡ್ ಮಾಡಿದರೂ ಇದು ಕಡಿಮೆಯಾಗುವುದಿಲ್ಲ. ಹೊಸದಾಗಿ ಬಂದ ದತ್ತಾಂಶವೆಲ್ಲ ಹೆಚ್ಚು ಬಿನ್‌ಗಳನ್ನು ಹುಟ್ಟಿಸುವುದಕ್ಕೇ ಖರ್ಚಾಗುತ್ತದೆ, ಇರುವ ಬಿನ್ನನ್ನು ಗಟ್ಟಿ ಮಾಡುವುದಿಲ್ಲ. ಮುಳ್ಳು ಇನ್ನೂ ಒತ್ತೊತ್ತಾಗುತ್ತದೆ, ಅಷ್ಟೇ. ಹೊಸಬರಿಗೆ ಇದನ್ನು ನಂಬಿಸುವುದೇ ಕಷ್ಟ. ನನಗೂ ಮೊದಮೊದಲು ಹಿಡಿಸಿರಲಿಲ್ಲ.

ಅದಕ್ಕೇ ರೆಕಾರ್ಡನ್ನು ತುಂಡು ಮಾಡಿ, ಒಂದೊಂದರ ಸ್ಪೆಕ್ಟ್ರಮ್ ತೆಗೆದು, ಸರಾಸರಿ ಮಾಡುವುದು. ಬಾರ್ಟ್ಲೆಟ್ ತುಂಡುಗಳನ್ನು ಒಂದರ ಪಕ್ಕ ಒಂದು ಇಟ್ಟ. ವೆಲ್ಚ್ 1967ರಲ್ಲಿ ಪ್ರತಿ ತುಂಡಿಗೂ ವಿಂಡೋ ಹಾಕಿ, ತುಂಡುಗಳನ್ನು ಒಂದರ ಮೇಲೊಂದು ಸರಿಸಿದ. ಹತ್ತು ಸ್ವತಂತ್ರ ತುಂಡಿದ್ದರೆ ವೇರಿಯನ್ಸ್ ಹತ್ತನೇ ಒಂದಕ್ಕೆ ಇಳಿಯುತ್ತದೆ, ಏರಿಳಿತ ಹತ್ತರ ವರ್ಗಮೂಲದಷ್ಟು ಕುಗ್ಗುತ್ತದೆ. ಆದರೆ ಎರಡು ಆವರ್ತನಗಳನ್ನು ಬಿಡಿಸಿ ಕಾಣುವ ಶಕ್ತಿ ಈಗ ಪೂರ್ತಿ ರೆಕಾರ್ಡಿನದಲ್ಲ, ಒಂದು ತುಂಡಿನದು ಮಾತ್ರ. ಕೊಡಬೇಕಾದ ಬೆಲೆ ಇದು.

ಈಗ ಸೊನ್ನೆ ತುಂಬುವ ಮಾತು. ಮಂಜು ಮುಸುಕಿದ ಫೋಟೋವನ್ನು ಎಷ್ಟು ದೊಡ್ಡದಾಗಿ ಮುದ್ರಿಸಿದರೂ ಕಾಣದ ಅಕ್ಷರ ಕಾಣುವುದಿಲ್ಲ. ಬಿನ್‌ಗಳು ಹತ್ತಿರವಾಗುತ್ತವೆ, ಆದರೆ ಒಂದು ಶುದ್ಧ ಸ್ವರ ಹರಡಿಕೊಳ್ಳುವ ಅಗಲವನ್ನು ತೀರ್ಮಾನಿಸುವುದು ತುಂಡಿನ ನಿಜವಾದ ಉದ್ದ. ಹ್ಯಾನ್ ವಿಂಡೋದಲ್ಲಿ ಆ ಗುಡ್ಡ ತುದಿಯಿಂದ ಆಚೀಚೆ ಎರಡೆರಡು ಬಿನ್ ಚಾಚುತ್ತದೆ. ಬಿನ್ ಎಂದರೆ ಇಲ್ಲಿ ಒಂದನ್ನು ತುಂಡಿನ ಸೆಕೆಂಡುಗಳಿಂದ ಭಾಗಿಸಿದ್ದು, ಸೊನ್ನೆ ಸೇರಿಸುವುದಕ್ಕೆ ಮುಂಚಿನದು.

ಗಂಗಾವತಿಯವರ ಲೆಕ್ಕಕ್ಕೆ ಬರೋಣ. ಎರಡು ಸ್ವರಗಳ ಅಂತರ 1 ಹರ್ಟ್ಜ್. ತುಂಡು 1 ಸೆಕೆಂಡ್ ಇದ್ದರೆ ಅಂತರ ಒಂದೇ ಬಿನ್, ಎರಡೂ ಕೂಡಿಕೊಂಡು ಹೋಗುತ್ತವೆ. 2 ಸೆಕೆಂಡ್ ಇದ್ದರೆ ಎರಡು ಬಿನ್. ಎರಡೂ ಸಮ ಬಲದವಾಗಿದ್ದರೆ ನಡುವೆ ಸಣ್ಣ ತಗ್ಗು ಕಾಣಬಹುದು, ಒಂದು ಬಲಹೀನವಾಗಿದ್ದರೆ ಅದು ದೊಡ್ಡದರ ಹೆಗಲ ಮೇಲೆ ಉಬ್ಬಿನಂತೆ ಉಳಿಯುತ್ತದೆ. 4 ಸೆಕೆಂಡ್ ಇಟ್ಟರೆ ನಾಲ್ಕು ಬಿನ್ ಅಂತರ. ಒಂದರ ಬುಡ ಮುಗಿಯುವಲ್ಲಿ ಇನ್ನೊಂದರ ಬುಡ ಶುರುವಾಗುತ್ತದೆ. ಆದ್ದರಿಂದ 4 ಸೆಕೆಂಡ್, ಅಂದರೆ 8192 ಸ್ಯಾಂಪಲ್, ಇಟ್ಟು ನೋಡಿ.

```python
from scipy.signal import welch
f, P = welch(x, fs=2048, window='hann',
             nperseg=8192, noverlap=4096,
             scaling='spectrum')
```

ಸಿಂಧನೂರು ಕೋಡರ್

ಸರ್, ಸೊನ್ನೆ ವಿಷಯ ಒಪ್ಪಿದೆ. ಆದರೆ 90% ಓವರ್‌ಲ್ಯಾಪಿಗೆ ಏನು ತಪ್ಪು? 64 ಸೆಕೆಂಡಿನಲ್ಲಿ 4 ಸೆಕೆಂಡಿನ ತುಂಡು, 90% ಅಂದರೆ 151 ತುಂಡು ಸಿಗುತ್ತೆ. 151ರ ವರ್ಗಮೂಲ ಹನ್ನೆರಡು ಚಿಲ್ಲರೆ. ಏರಿಳಿತ 8% ಬರಬೇಕಲ್ಲ?

ಕೃಷ್ಣೆ ದಂಡಿ

151 ತುಂಡು ಸಿಗುವುದು ನಿಜ, ಆದರೆ ಅವು 151 ಸಾಕ್ಷಿಗಳಲ್ಲ. ಒಂದೇ ಮನೆಯವರನ್ನು ಹತ್ತು ಸಲ ಕೇಳಿದರೆ ಹತ್ತು ಮನೆಯ ಮಾತು ಆಗುತ್ತದೆಯೇ? ಪಕ್ಕದ ತುಂಡಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಅದೇ ಸ್ಯಾಂಪಲ್ಲುಗಳಿವೆ.

ಹ್ಯಾನ್ ವಿಂಡೋ ತುಂಡಿನ ಎರಡೂ ಅಂಚಿನಲ್ಲಿ ಸೊನ್ನೆಗೆ ಇಳಿಯುತ್ತದೆ. ಅಂಚಿಗೆ ಬಿದ್ದ ದತ್ತಾಂಶಕ್ಕೆ ಬೆಲೆಯೇ ಇರುವುದಿಲ್ಲ, ಬಿಸಾಡಿದಂತೆ. ತುಂಡುಗಳನ್ನು ಪಕ್ಕಪಕ್ಕ ಇಟ್ಟರೆ 16 ಸಿಗುತ್ತವೆ, ಏರಿಳಿತ 25%. ಅರ್ಧಕ್ಕರ್ಧ ಹೊದಿಸಿದರೆ ಮೊದಲ ತುಂಡಿನ ಅಂಚು ಎರಡನೆಯದರ ನಡುವೆ ಬರುತ್ತದೆ, ಬಿಸಾಡಿದ್ದು ಮತ್ತೆ ಕೈಗೆ ಸಿಗುತ್ತದೆ. ಆಗ ತುಂಡು 31. ಪಕ್ಕದ ಎರಡು ತುಂಡುಗಳ ಸ್ಪೆಕ್ಟ್ರಮ್ ನಡುವಿನ ಸಂಬಂಧ 3%ಕ್ಕೂ ಕಡಿಮೆ. ಹಾಗಾಗಿ 31 ತುಂಡು ಸುಮಾರು 29 ಸ್ವತಂತ್ರ ತುಂಡುಗಳ ಕೆಲಸ ಮಾಡುತ್ತವೆ. ಏರಿಳಿತ 18%ಕ್ಕೆ ಇಳಿಯಿತು. ಇದು ಪುಕ್ಕಟೆ ಬಂದ ಲಾಭ, ರೆಸಲ್ಯೂಷನ್ ಒಂದು ಚೂರೂ ಕೊಟ್ಟಿಲ್ಲ.

ಇನ್ನು 75% ಹೊದಿಸಿ. ತುಂಡು 61 ಆಗುತ್ತದೆ, ಆದರೆ ಈಗ ಪಕ್ಕದವುಗಳ ಸಂಬಂಧ 43%. ಲೆಕ್ಕ ಹಾಕಿದರೆ 61 ತುಂಡಿನ ನಿಜವಾದ ತೂಕ 32. ಅಂದರೆ 29ರಿಂದ 32ಕ್ಕೆ ಬಂದೆವು, ಕಂಪ್ಯೂಟರಿನ ಕೆಲಸ ಮಾತ್ರ ಎರಡು ಪಟ್ಟಾಯಿತು. ಅಲ್ಲಿಂದ 90%ಕ್ಕೆ ಹೋದರೂ ಹೆಚ್ಚೇನೂ ಸಿಗುವುದಿಲ್ಲ. 8% ಎಂದು ನಂಬಿ ಕೂತರೆ ನಿಜವಾದ ಏರಿಳಿತ ಅದರ ಎರಡು ಪಟ್ಟು ಇರುತ್ತದೆ, ಇಲ್ಲದ ಸ್ವರವನ್ನು ಇದೆ ಎಂದು ವರದಿ ಬರೆಯುತ್ತೇವೆ.

ಸಿಂಧನೂರು ಕೋಡರ್

ಕೃತಕ ಗದ್ದಲ ಹುಟ್ಟಿಸಿ ಓಡಿಸಿ ನೋಡಿದೆ ಸರ್. ಐದುನೂರು ಸಲ. 90%ರಲ್ಲೂ 17–18%ರ ಹತ್ತಿರವೇ ನಿಂತಿದೆ. ನನ್ನ ಹಳೇ ಕೋಡಿನಲ್ಲೆಲ್ಲ ತುಂಡಿನ ಎಣಿಕೆಯಿಂದಲೇ ದೋಷದ ಗೆರೆ ಹಾಕಿದ್ದೆ, ತಿದ್ದಬೇಕು.

ಬಳ್ಳಾರಿ ಕೋಟೆ

ಇಲ್ಲಿ ನನ್ನದೊಂದು ಅನುಭವ ಹೇಳಲೇಬೇಕು. ನಾನು ಒಂದು ಕಾರ್ಖಾನೆಯಲ್ಲಿ ಕಂಪನದ ವರದಿಗಳನ್ನು ನೋಡುತ್ತೇನೆ. ಒಂದು ಫ್ಯಾನಿನ 24 ಹರ್ಟ್ಜ್ ಗೆರೆ ಹಿಂದಿನ ತಿಂಗಳಿಗಿಂತ ನಾಲ್ಕು ಪಟ್ಟು ಎತ್ತರ ಬಂದಿತ್ತು. ಮೇಲಿನವರಿಗೆ ಫೋನ್ ಹೋಯಿತು, ಫ್ಯಾನ್ ನಿಲ್ಲಿಸುವ ಮಾತಾಯಿತು. ಕೈಯಲ್ಲಿ ಹಿಡಿಯುವ ಮೀಟರಿನಲ್ಲಿ ನೋಡಿದರೆ ನಡುಕ ಮೊದಲಿನಷ್ಟೇ. ಅರ್ಧ ದಿನ ತಲೆ ಕೆಟ್ಟ ಮೇಲೆ ಗೊತ್ತಾಗಿದ್ದು, ಹಿಂದಿನ ತಿಂಗಳು 1024ರ ತುಂಡಿನಲ್ಲಿ ಮಾಡಿದ್ದರು, ಈ ತಿಂಗಳು ಹೊಸಬರು 4096 ಹಾಕಿದ್ದರು.

ಅಕ್ಷದ ಮೇಲೆ "ಪ್ರತಿ ಹರ್ಟ್ಜಿಗೆ" ಎಂದಿದ್ದರೆ ಶುದ್ಧ ಸ್ವರದ ಎತ್ತರಕ್ಕೆ ಸ್ವಂತ ಅರ್ಥವೇ ಇಲ್ಲ. ಅದೇ ಶಕ್ತಿಯನ್ನು ನಾಲ್ಕು ಪಟ್ಟು ಕಿರಿದಾದ ಬಿನ್ನಿಗೆ ತುಂಬಿದರೆ ಎತ್ತರ ನಾಲ್ಕು ಪಟ್ಟಾಗುತ್ತದೆ. ಕೃಷ್ಣೆ ದಂಡಿ ಸರ್ ಕೋಡಿನಲ್ಲಿ `scaling='spectrum'` ಬರೆದಿದ್ದಾರಲ್ಲ, ಅದನ್ನು ಬಿಡಬೇಡಿ ತಮ್ಮಾ. ಅದರಲ್ಲಿ ಸ್ವರದ ಎತ್ತರ ತುಂಡಿನ ಉದ್ದ ಬದಲಾದರೂ ಕದಲುವುದಿಲ್ಲ. ಬದಲಿಗೆ ತಳದ ಗದ್ದಲದ ಮಟ್ಟ ಬದಲಾಗುತ್ತದೆ, ತುಂಡು ಎರಡು ಪಟ್ಟಾದರೆ ತಳ ಅರ್ಧಕ್ಕೆ ಇಳಿಯುತ್ತದೆ.

ಕೃಷ್ಣೆ ದಂಡಿ

ಅಕ್ಕ ಹೇಳಿದ ಕೊನೆಯ ಮಾತನ್ನು ಸ್ವಲ್ಪ ಮುಂದುವರಿಸುತ್ತೇನೆ, ಇಲ್ಲಿ ಬಹಳ ಜನ ಎಡವುತ್ತಾರೆ. ಸರಾಸರಿ ಮಾಡಿದರೆ ಗದ್ದಲದ ತಳ ಕೆಳಗಿಳಿಯುತ್ತದೆ ಎಂಬ ನಂಬಿಕೆ ಇದೆ. ಇಳಿಯುವುದಿಲ್ಲ. ತಳ ಎಲ್ಲಿತ್ತೋ ಅಲ್ಲೇ ಇರುತ್ತದೆ, ಅದರ ಮೇಲಿನ ಮುಳ್ಳು ಮಾತ್ರ ಸಪಾಟಾಗುತ್ತದೆ. ತಳಕ್ಕಿಂತ ಸ್ವರವನ್ನು ಮೇಲೆತ್ತುವುದು ತುಂಡಿನ ಉದ್ದ. ತಳವನ್ನು ಸಪಾಟು ಮಾಡಿ, ಇರುವ ಸಣ್ಣ ಉಬ್ಬನ್ನು ನಂಬುವಂತೆ ಮಾಡುವುದು ಸರಾಸರಿ. ಇರುವ 64 ಸೆಕೆಂಡನ್ನು ಈ ಎರಡಕ್ಕೂ ಹಂಚಬೇಕು. ತುಂಡು 1 ಸೆಕೆಂಡ್ ಇಟ್ಟರೆ ಏರಿಳಿತ 9%, 4 ಸೆಕೆಂಡಿಗೆ 18%, 16 ಸೆಕೆಂಡಿಗೆ 39%. ಉದ್ದ ನಾಲ್ಕು ಪಟ್ಟಾದಾಗೆಲ್ಲ ಏರಿಳಿತ ಎರಡು ಪಟ್ಟು.

ಗಂಗಾವತಿ ಹುಡ್ಗ

ಸರ್, 8192 ಹಾಕಿದೆ. ಎರಡು ಗೆರಿ ಬಿಡಿ ಬಿಡಿ ನಿಂತಾವ! 100ರಾಗ ದೊಡ್ಡದು, ವರ್ಗಮೂಲ ತೆಗೆದ್ರ 0.11 ಜಿ. 99ರಾಗ ಸಣ್ಣದು, 0.03 ಜಿ. ನಡುವಿನ ತಗ್ಗು ತಳಕ್ಕ ಮುಟ್ಟೈತಿ.

ಇನ್ನೊಂದು ಈಗ ತಿಳೀತು. ಮೋಟಾರಿನ ಮ್ಯಾಲೆ ಅಂಗೈ ಇಟ್ರ ನಡುಕ ಸೆಕೆಂಡಿಗೊಮ್ಮೆ ಏರಿ ಇಳೀತೈತಿ, ವೂಂ... ವೂಂ... ಅಂತ. ಆಪರೇಟರ್ ಕಾಕಾ ಮೊದಲಿಂದ ಅದನ್ನೇ ಹೇಳ್ತಿದ್ರು. 99 ಮತ್ತು 100 ಕೂಡಿ ಆಡೋ ಆಟ ಅದು, ಅಲ್ಲೇನ್ರಿ?

ತುಂಡು 16 ಸೆಕೆಂಡೂ ಮಾಡಿ ನೋಡಿದೆ, ಇನ್ನೂ ಚೂಪಾಗಬೇಕಿತ್ತು. 100ರ ಗೆರಿ ಚೂಪಾತು. 99ರದ್ದು ಮಾತ್ರ ಒಡೆದು ಮೂರು ಗೆರಿ ಆಗೇತಿ, 98.8ರಿಂದ 99.1ರ ತನಕ. ಮತ್ತ 4 ಸೆಕೆಂಡಿನ ಗ್ರಾಫಿನ್ಯಾಗ 101ರ ಹತ್ರ ಒಂದು ಸಣ್ಣ ಉಬ್ಬು ಐತಿ, ಸುತ್ತಲ ತಳಕ್ಕಿಂತ 1.4 ಪಟ್ಟು. ಅದೇನು?

ಕೃಷ್ಣೆ ದಂಡಿ

ಹೌದು, ಅಂಗೈಗೆ ಸಿಗುವ ಆ ಸೆಕೆಂಡಿಗೊಂದು ಏರಿಳಿತ ಅದೇ. ಆ ಕಾಕಾನ ಕೈಗೆ ನನ್ನ ನಮಸ್ಕಾರ ತಿಳಿಸಿ. ಅದು ಒಂದು ಸುತ್ತು ಮುಗಿಸುವುದಕ್ಕೇ ಒಂದು ಸೆಕೆಂಡ್ ಬೇಕು. ಎಂಟನೇ ಒಂದು ಸೆಕೆಂಡಿನ ತುಂಡು ಅದನ್ನು ಹೇಗೆ ಕಂಡೀತು?

16 ಸೆಕೆಂಡಿನಲ್ಲಿ 99 ಒಡೆದದ್ದಕ್ಕೆ ಕಾರಣ ನಿಮ್ಮ ಮಿಲ್ಲಿನಲ್ಲೇ ಇದೆ. ಲೋಡ್ ಹೆಚ್ಚಾದರೆ ಸ್ಲಿಪ್ ಹೆಚ್ಚುತ್ತದೆ, ಶಾಫ್ಟ್ ಚೂರು ನಿಧಾನವಾಗುತ್ತದೆ. 2970ರಿಂದ 2964ಕ್ಕೆ ಇಳಿದರೆ ಸಾಕು, 99.0 ಇದ್ದದ್ದು 98.8 ಆಗುತ್ತದೆ. ಒಂದು ತುಂಡಿನೊಳಗೇ ಆವರ್ತನ ಸರಿದಾಡಿದರೆ ಬಿನ್ ಕಿರಿದಾದಷ್ಟೂ ಸ್ವರ ಚದುರುತ್ತದೆ. ಕರೆಂಟಿನ ಆವರ್ತನವೂ ಓಲಾಡುತ್ತದೆ, ಆದರೆ ನಿಮ್ಮ 64 ಸೆಕೆಂಡಿನಲ್ಲಿ ಅಷ್ಟು ಓಲಾಡಿದಂತಿಲ್ಲ, 100 ಚೂಪಾಗಿಯೇ ಉಳಿದಿದೆ. ಹೀಗಾಗಿ ತುಂಡಿನ ಉದ್ದಕ್ಕೆ ಮೇಲಿನಿಂದಲೂ ಒಂದು ಮಿತಿ ಇದೆ. ಅದನ್ನು ಹಾಕುವುದು ಯಂತ್ರ, ಸೂತ್ರವಲ್ಲ.

101 ಬಹಳ ಮುಖ್ಯವಾದ ಪ್ರಶ್ನೆ. ನಿಮ್ಮ ಮೊದಲ ಊಹೆಯಲ್ಲೇ ಒಂದು ಬಿರುಕಿದೆ, ನಾನೂ ಆಗಲೇ ಹೇಳಬೇಕಿತ್ತು. ಎರಡು ಪೋಲಿನ ಮೋಟಾರಿನಲ್ಲಿ ಸ್ಲಿಪ್ ಆವರ್ತನ ಇಲ್ಲಿ ಅರ್ಧ ಹರ್ಟ್ಜ್, ಪೋಲಿನ ಎಣಿಕೆಯಿಂದ ಗುಣಿಸಿದರೆ 1. ರೋಟರಿನಲ್ಲಿ ದೋಷವಿದ್ದರೆ 100ರ ಅಕ್ಕಪಕ್ಕ 1 ಹರ್ಟ್ಜ್ ದೂರದಲ್ಲಿ ಮರಿ ಗೆರೆಗಳು ಬರುತ್ತವೆ. ಎಡಗಡೆಯ ಮರಿ ಬೀಳುವುದು ಸರಿಯಾಗಿ 99ರ ಮೇಲೆ. ಶಾಫ್ಟಿನ ಎರಡು ಪಟ್ಟೂ ಅದೇ ಜಾಗ. ಇದು ಕಾಕತಾಳೀಯವಲ್ಲ, ಎರಡು ಪೋಲಿನ ಮೋಟಾರಿನಲ್ಲಿ ಲೋಡ್ ಎಷ್ಟಿದ್ದರೂ ಅವೆರಡೂ ಒಂದೇ. ಎಷ್ಟು ಉದ್ದದ ತುಂಡು ಹಾಕಿದರೂ ಬೇರೆಯಾಗುವುದಿಲ್ಲ. ಬಲಗಡೆಯ 101ರಲ್ಲಿ ಗೆರೆ ಇದ್ದರೆ ರೋಟರಿನ ಅನುಮಾನ ಬಲವಾಗುತ್ತದೆ.

ಆದರೆ 1.4 ಪಟ್ಟು ಎಂದರೆ ತಳಕ್ಕಿಂತ 40% ಹೆಚ್ಚು, ನಿಮ್ಮ ಏರಿಳಿತವೇ 18%. ಎರಡು ಪಟ್ಟಿಗಿಂತ ಚೂರು ಜಾಸ್ತಿ ಆಯಿತು. ಗದ್ದಲವೇ ಅಷ್ಟು ಎದ್ದಿರಬಹುದು, ಅಷ್ಟರ ಮೇಲೆ ಮೋಟಾರ್ ಬಿಚ್ಚುವಂತಿಲ್ಲ. ತುಂಡು ಚಿಕ್ಕದು ಮಾಡಿ ಸರಾಸರಿ ಹೆಚ್ಚಿಸಿದರೆ 101, 100ರೊಳಗೆ ಮುಳುಗುತ್ತದೆ. ಇಲ್ಲಿ ಒಂದೇ ದಾರಿ, ತುಂಡು 4 ಸೆಕೆಂಡೇ ಇರಲಿ, ರೆಕಾರ್ಡ್ 10 ನಿಮಿಷ ಮಾಡಿ. 299 ತುಂಡು ಸಿಗುತ್ತವೆ, ಏರಿಳಿತ 6%ಕ್ಕೆ ಬರುತ್ತದೆ. ಉಬ್ಬು ನಿಜವಾಗಿದ್ದರೆ 1.4ರಲ್ಲೇ ನಿಲ್ಲುತ್ತದೆ, ಆಗ ಯಾರೂ ಅಲ್ಲಗಳೆಯುವಂತಿಲ್ಲ. ಆ ಹತ್ತು ನಿಮಿಷ ಭತ್ತದ ಫೀಡ್ ಒಂದೇ ಸಮ ಇರಲಿ.

ವೈಂಡಿಂಗ್ ಅಂಗಡಿ, ಕುಷ್ಟಗಿ

ನನಗ ಈ ಬಿನ್ನು ಗಿನ್ನು ತಿಳಿಯಂಗಿಲ್ಲ. ಆದ್ರ ಕರೆಂಟಿಂದೋ ತಿರುಗೋದರದ್ದೋ ಅಂತ ನೋಡಾಕ ನಾವು ಮಾಡೋದು ಒಂದೇ. ಪೂರ್ತಿ ಲೋಡಿನ್ಯಾಗ ಓಡುವಾಗ ಸ್ವಿಚ್ ತಗೀಬೇಕು. ಗುಂಯ್ ಅನ್ನೋದು ತಟ್ಟನ ನಿಂತ್ರ ಕರೆಂಟಿಂದು. ಮೋಟಾರ್ ನಿಧಾನ ಆಗೋ ತನಕ ಅದರ ಕೂಡ ಇಳಕೋತ ಹೋದ್ರ ತಿರುಗೋದರದ್ದು.

ಕೃಷ್ಣೆ ದಂಡಿ

ಅಣ್ಣಾವ್ರೇ, ಸ್ಪೆಕ್ಟ್ರಮ್ಮಿಗೆ ಬಿಡಿಸಲಾಗದ 99ರ ಗಂಟನ್ನು ನೀವು ಬಿಡಿಸಿದಿರಿ. ರೋಟರಿನ ಮರಿ ಗೆರೆ ಕರೆಂಟಿನ ಜೊತೆ ಹೋಗುತ್ತದೆ, ಶಾಫ್ಟಿನ ಎರಡು ಪಟ್ಟು ಹೋಗುವುದಿಲ್ಲ. ಗಂಗಾವತಿಯವರೇ, ಇದನ್ನು ರೆಕಾರ್ಡ್ ಮಾಡಿ, ಆದರೆ ಆ ಕೆಲವು ಸೆಕೆಂಡಿಗೆ ಸರಾಸರಿ ಹಾಕಬೇಡಿ. ಸಿಗ್ನಲ್ ಕ್ಷಣಕ್ಷಣಕ್ಕೂ ಬದಲಾಗುತ್ತಿರುತ್ತದೆ, ವೆಲ್ಚ್ ಅಲ್ಲಿ ಸುಳ್ಳು ಹೇಳುತ್ತದೆ. 90–105ರ ಫಿಲ್ಟರ್ ಹಾಕಿ ಅಲೆಯನ್ನೇ ನೋಡಿ.

ಬಳ್ಳಾರಿ ಕೋಟೆ

ಹತ್ತು ನಿಮಿಷದಲ್ಲಿ ಯಾರಾದರೂ ಪಕ್ಕದಲ್ಲಿ ಚೀಲ ಒಗೆದರೆ? ಆ ಒಂದು ಪೆಟ್ಟು ಎರಡು ಮೂರು ತುಂಡುಗಳ ತಳವನ್ನೇ ಎತ್ತಿಬಿಡುತ್ತದೆ. ನಾನಾದರೆ `average='median'` ಹಾಕುತ್ತೇನೆ.

ಕೃಷ್ಣೆ ದಂಡಿ

ನಾನು ಹಾಕುವುದಿಲ್ಲ ಅಕ್ಕಾ. ಗದ್ದಲವೊಂದೇ ಇದ್ದಾಗ ಮೀಡಿಯನ್ನಿನ ಏರಿಳಿತ ಸರಾಸರಿಗಿಂತ ಹೆಚ್ಚು, ಹತ್ತು ನಿಮಿಷ ಕಾದು ಗಳಿಸಿದ್ದರಲ್ಲಿ ಒಂದು ಪಾಲು ಅಲ್ಲೇ ಹೋಗುತ್ತದೆ. ಪೆಟ್ಟು ಬಿದ್ದ ತುಂಡನ್ನು ಕಣ್ಣಿಂದ ಹುಡುಕಿ ತೆಗೆದರಾಯಿತು.

ಬಳ್ಳಾರಿ ಕೋಟೆ

299 ತುಂಡನ್ನು ದಿನಾ ಕಣ್ಣಿಂದ ನೋಡುವವರು ಯಾರು ಸರ್? ನನ್ನ ಹತ್ತಿರ ನಲವತ್ತು ಯಂತ್ರಗಳಿವೆ. ಇದರಲ್ಲಿ ನಾನು ಒಪ್ಪುವುದಿಲ್ಲ.

ಗಂಗಾವತಿ ಹುಡ್ಗ

ಹಮಾಲರಿಗೆ ಹೇಳಿ ಹತ್ತು ನಿಮಿಷ ಆ ಕಡೆ ಚೀಲ ಇಳಿಸೋದು ನಿಲ್ಲಿಸಿದ್ವಿ, ಹಂಗಾಗಿ ಆ ಜಗಳ ನಮಗ ಬರ್ಲಿಲ್ಲ. 101ರ ಉಬ್ಬು ಹೋತು. ಅಲ್ಲಿ ತಳ ಈಗ ಸಪಾಟ ಐತಿ, ಮ್ಯಾಲೆ ಕೆಳಗ 6%ರೊಳಗ. ಅದು ಗದ್ದಲನೇ ಆಗಿತ್ತು.

ಮಧ್ಯಾಹ್ನ ಊಟದ ಹೊತ್ತಿನ್ಯಾಗ ಪೂರ್ತಿ ಲೋಡಿನ್ಯಾಗ ಓಡುವಾಗ ಸ್ವಿಚ್ ತೆಗೆದ್ವಿ. ಫಿಲ್ಟರ್ ಮಾಡಿದ ಅಲೆ ಆ ಕ್ಷಣಕ್ಕ ಸುಮಾರು ಕಾಲು ಭಾಗಕ್ಕ ಬಿತ್ತು, ವೂಂ ವೂಂ ನಿಂತೇಬಿಡ್ತು. ಉಳಿದ ಕಾಲು ಭಾಗ ಮೋಟಾರಿನ ಕೂಡ ನಿಧಾನ ಇಳೀತು. ಅಂದ್ರ 100 ಕರೆಂಟಿಂದು, 99 ಶಾಫ್ಟಿಂದೇ, ರೋಟರಿಂದಲ್ಲ. ಮಾಲೀಕರಿಗೆ ಎರಡೂ ಗ್ರಾಫ್ ತೋರಿಸೀನಿ, ವೈಂಡಿಂಗಿಗೆ ಕಳಿಸೋದು ಸದ್ಯ ಬಿಟ್ಟಾರ.

ಕುಷ್ಟಗಿ ಅಣ್ಣಾ, ನಿಮ್ಮ ಬೋಲ್ಟಿನ ಮಾತಿಗೆ ಬಂದೆ. ರವಿವಾರ ಮಿಲ್ಲು ಅರ್ಧ ದಿನ ಬಂದ್. ಮೋಟಾರ್ ಓಡುವಾಗಲೇ ಒಂದೊಂದು ಬೋಲ್ಟ್ ಸಡಿಲು ಮಾಡಿ ನೋಡಬೇಕೋ, ನಿಲ್ಲಿಸಿ ಫೀಲರ್ ಗೇಜ್ ತೂರಿಸಿ ನೋಡಬೇಕೋ?

ವೈಂಡಿಂಗ್ ಅಂಗಡಿ, ಕುಷ್ಟಗಿ

ನಿಲ್ಲಿಸಿ ನೋಡು ತಮ್ಮಾ. ಫ್ಯೂಸ್ ತಗದು ಕಿಸೆದಾಗ ಇಟ್ಕೊ. ಮೂರು ಬಿಗಿ ಇರಲಿ, ನಾಲ್ಕನೇದು ಸಡಿಲು ಮಾಡಿ ಕಾಲಿನ ಬುಡಕ್ಕ ಗೇಜ್ ಹಾಕು. ಎಷ್ಟು ಹೋತು ಬರಕೊಂಡು ಇಲ್ಲೇ ಹಾಕು, ತಗಡು ಎಷ್ಟು ದಪ್ಪ ಬೇಕು ಹೇಳ್ತೀನಿ.